ಬಾಪನ ಹನ್ನೆರಡು ಪಾಸ್‌ವರ್ಡ್‌ಗಳಿಗೆ ಒಂದು ನೋಟ್‌ಬುಕ್

ಘಟ್ಟ ಹತ್ತಿ ಹೋಗಿ ಹುಬ್ಬಳ್ಳಿ, ಧಾರವಾಡದ ಸುತ್ತಮುತ್ತ ಹೋಟೆಲ್, ಬೇಕರಿ, ಮೀನಿನ ವ್ಯಾಪಾರ ಹಿಡಿದ ನಮ್ಮ ಕುಟುಂಬಗಳಲ್ಲಿ ಈಗ ಒಂದೇ ಬಗೆಯ ಚಿತ್ರ ಕಾಣುತ್ತದೆ. ಅಂಗಡಿ ಕಟ್ಟಿದ ಬಾಪನಿಗೆ ಎಪ್ಪತ್ತು ದಾಟಿದೆ. ಮಗ ಗಲ್ಫ್‌ನಲ್ಲಿ, ಮಗಳು ಮದುವೆಯಾಗಿ ಊರ ಕಡೆ. ಬಾಪ ಮತ್ತು ಉಮ್ಮ ಮಾತ್ರ ನವಲಗುಂದದಲ್ಲೋ, ಅಣ್ಣಿಗೇರಿಯಲ್ಲೋ, ಕುಂದಗೋಳದಲ್ಲೋ, ಕಲಘಟಗಿಯಲ್ಲೋ ಉಳಿದಿದ್ದಾರೆ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕ್ಯೂಆರ್ ಕೋಡ್ ಇದೆ, ಕಿಸೆಯಲ್ಲಿ ಸ್ಮಾರ್ಟ್‌ಫೋನ್ ಇದೆ. ಫೋನಿನ ಕವರಿನೊಳಗೆ ಎಟಿಎಂ ಕಾರ್ಡ್, ಕಾರ್ಡಿನ ಹಿಂದೆ ಬಾಲ್‌ಪೆನ್ನಿನಲ್ಲಿ ಬರೆದ ನಾಲ್ಕು ಅಂಕಿ.

ಆ ನಾಲ್ಕು ಅಂಕಿಯೇ ಇಲ್ಲಿನ ವಿಷಯ. 'ಪಿನ್ ಎಲ್ಲೂ ಬರೆಯಬೇಡಿ' ಎಂದು ಮಕ್ಕಳು ಹೇಳಿ ಫೋನ್ ಇಡುತ್ತಾರೆ. ಬಾಪ ಬರೆಯದೇ ಇರಲು ಸಾಧ್ಯವಿಲ್ಲ, ಏಕೆಂದರೆ ನೆನಪಿಡಬೇಕಾದದ್ದು ಒಂದಲ್ಲ, ಡಜನ್. ಬರೆಯಬೇಡಿ ಎಂದರೆ ಅವರು ಅಡಗಿಸಿ ಬರೆಯುತ್ತಾರೆ, ಅದೂ ಅತ್ಯಂತ ಅಪಾಯದ ಜಾಗದಲ್ಲಿ. ಇದಕ್ಕಿಂತ ಮೊದಲು ಅನಗತ್ಯ ಪಾಸ್‌ವರ್ಡ್‌ಗಳನ್ನು ತೆಗೆದುಹಾಕಿ, ಉಳಿದವುಗಳಲ್ಲಿ ಯಾವುದು ತಲೆಯಲ್ಲಿ, ಯಾವುದು ಪುಸ್ತಕದಲ್ಲಿ ಎಂದು ಬೇರ್ಪಡಿಸಿ, ತಿಂಗಳಿಗೊಮ್ಮೆ ಇಪ್ಪತ್ತು ನಿಮಿಷ ಕೂತು ಪರೀಕ್ಷಿಸುವುದು ಒಳ್ಳೆಯದು.

ಬ್ಯಾಂಕಿನ ಹೆಸರೇ ಬದಲಾದಾಗ

ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಈ ಗೊಂದಲಕ್ಕೆ ಇತ್ತೀಚಿನ ಒಂದು ಕಾರಣವೂ ಇದೆ. ಇಲ್ಲಿನ ಬಹಳ ಮಂದಿಯ ಖಾತೆ ಇದ್ದದ್ದು ಧಾರವಾಡದಲ್ಲೇ ಪ್ರಧಾನ ಕಚೇರಿಯಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿ. ನಮ್ಮ ಕರಾವಳಿಯವರಿಗೂ ಅದು ಪರಿಚಿತ ಹೆಸರೇ. 2005ರಲ್ಲಿ ಮಲಪ್ರಭಾ, ಬಿಜಾಪುರ, ವರದಾ ಮತ್ತು ನಮ್ಮ ಕಡೆಯ ನೇತ್ರಾವತಿ ಗ್ರಾಮೀಣ ಬ್ಯಾಂಕುಗಳು ಸೇರಿ ಆ ಬ್ಯಾಂಕ್ ಆಗಿತ್ತು. 2025ರ ಮೇ 1ರಿಂದ ಅದು ಬಳ್ಳಾರಿಯ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಜೊತೆ ವಿಲೀನವಾಯಿತು. ಈಗ ರಾಜ್ಯಕ್ಕೆಲ್ಲ ಒಂದೇ ಗ್ರಾಮೀಣ ಬ್ಯಾಂಕ್, ಪ್ರಧಾನ ಕಚೇರಿ ಬಳ್ಳಾರಿಯಲ್ಲಿ.

ಹಿರಿಯರ ಪಾಲಿಗೆ ಇಂಥ ಬದಲಾವಣೆ ಎಂದರೆ ಪಾಸ್‌ಬುಕ್ಕಿನಲ್ಲಿ ಒಂದು ಹೆಸರು, ಬೋರ್ಡಿನಲ್ಲಿ ಇನ್ನೊಂದು. 'ನನ್ನ ಹಳೇ ಪಿನ್ ನಡೆಯುತ್ತಾ, ಹೊಸದು ಬೇಕಾ' ಎಂಬ ಅನುಮಾನ. ಯಾವ ಬ್ಯಾಂಕಿನಲ್ಲಿ ಬದಲಾವಣೆ ನಡೆದರೂ ಮೋಸಗಾರರಿಗೆ ಈ ಅನುಮಾನವೇ ಬಂಡವಾಳ. 'ಯಜಮಾನ್ರ, ನಿಮ್ಮ ಬ್ಯಾಂಕ್ ಬದಲಾಗೇತಿ, ಹೊಸಾ ಆಪ್ ಹಾಕ್ಕೊಳ್ಳದಿದ್ರ ಖಾತೆ ಬಂದ್ ಆಗ್ತದ ನೋಡ್ರಿ' ಎಂದು ಅವರದೇ ಮಾತಿನಲ್ಲಿ ಕರೆ ಬಂದರೆ ನಂಬದವರು ಕಡಿಮೆ. ಹಿಂದೆಯೇ ವಾಟ್ಸ್‌ಆ್ಯಪ್‌ನಲ್ಲಿ `.apk` ಎಂದು ಕೊನೆಯಾಗುವ ಫೈಲ್ ಬರುತ್ತದೆ. ಅದನ್ನು ಒತ್ತಿ, ಕೇಳಿದ ಅನುಮತಿಗಳನ್ನೆಲ್ಲ ಕೊಟ್ಟರೆ ಫೋನಿಗೆ ಬರುವ ಒಟಿಪಿಗಳನ್ನು ಆಚೆ ಕೂತವನು ಓದಬಲ್ಲ.

ಮನೆಯಲ್ಲಿ ಬಾಪನಿಗೆ ಮೂರು ವಿಷಯ ಖಚಿತಪಡಿಸಿ. ವಿಲೀನವಾದರೆ ವಿಚಾರಿಸುವ ಜಾಗ ಬ್ಯಾಂಕಿನ ಶಾಖೆ, ಫೋನ್ ಅಲ್ಲ. ಆಪ್ ಬರುವುದು ಪ್ಲೇ ಸ್ಟೋರಿನಿಂದ, ವಾಟ್ಸ್‌ಆ್ಯಪ್‌ನಿಂದಲ್ಲ. ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ತಮ್ಮ ವೆಬ್‌ಸೈಟ್ ವಿಳಾಸವನ್ನು `.bank.in` ಎಂದು ಕೊನೆಯಾಗುವಂತೆ ಬದಲಿಸಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ಹಾಗಾಗಿ ವಿಳಾಸದ ಕೊನೆ ನೋಡುವುದು ಒಂದು ಸುಲಭ ಪರೀಕ್ಷೆ.

ಮೊದಲು ಎಣಿಸಿ, ಆಮೇಲೆ ಕಳೆಯಿರಿ

ಒಂದು ಮನೆಯನ್ನು ಉದಾಹರಣೆಗೆ ಕಣ್ಣ ಮುಂದೆ ಇಟ್ಟುಕೊಳ್ಳೋಣ. ಅಣ್ಣಿಗೇರಿಯಲ್ಲಿ ಸಣ್ಣ ಹೋಟೆಲ್ ನಡೆಸಿದ ಬಾಪ, ವಯಸ್ಸು 72. ಜೊತೆಗೆ ಉಮ್ಮ. ಮಗ ದಮಾಮ್‌ನಲ್ಲಿ, ಮಗಳು ಬಂಟ್ವಾಳದಲ್ಲಿ. ರಜೆಗೆ ಬಂದ ಮಗಳು ಬಾಪನ ಜೊತೆ ಕೂತು, ಅವರು ಎಲ್ಲೆಲ್ಲಿ ಏನೇನು ಒತ್ತಬೇಕಾಗುತ್ತದೆ ಎಂದು ಪಟ್ಟಿ ಮಾಡುತ್ತಾಳೆ. ಪಟ್ಟಿ ಹೀಗಿದೆ:

1. ಫೋನಿನ ಲಾಕ್
2. ಎಟಿಎಂ ಪಿನ್
3. ಯುಪಿಐ ಪಿನ್
4. ಯುಪಿಐ ಆಪ್ ತೆರೆಯಲು ಇಟ್ಟ ಬೇರೊಂದು ಪಿನ್
5. ಬ್ಯಾಂಕ್ ಆಪ್ ತೆರೆಯುವ ಪಿನ್
6. ಬ್ಯಾಂಕ್ ಆಪ್‌ನಲ್ಲಿ ಹಣ ಕಳಿಸುವ ಪಿನ್
7. ಜಿಮೇಲ್
8. ಡಿಜಿಲಾಕರ್‌ನ ಆರು ಅಂಕಿ
9. ವಾಟ್ಸ್‌ಆ್ಯಪ್‌ನ ಆರು ಅಂಕಿ
10. ರೈಲು ಟಿಕೆಟಿನ ಐಆರ್‌ಸಿಟಿಸಿ
11. ಇ-ಆಧಾರ್ ಪಿಡಿಎಫ್ ತೆರೆಯುವ ಪಾಸ್‌ವರ್ಡ್
12. ಕರೆಂಟ್ ಬಿಲ್‌ಗೆ ಹೆಸ್ಕಾಂ ಲಾಗಿನ್

ಹನ್ನೆರಡನ್ನು ಯಾರೂ ನೆನಪಿಡಲಾರರು. ಆದ್ದರಿಂದ ಮೊದಲ ಕೆಲಸ ಕಳೆಯುವುದು.

ನಾಲ್ಕನೆಯದು ಬೇಡ. ಯುಪಿಐ ಆಪ್‌ಗಳ ಸೆಟ್ಟಿಂಗ್‌ನಲ್ಲಿ ಫೋನಿನ ಲಾಕನ್ನೇ ಬಳಸುವ ಆಯ್ಕೆ ಇದ್ದರೆ ಅದನ್ನೇ ಇಡಬಹುದು, ಒಂದು ಪಿನ್ ಕಡಿಮೆಯಾಯಿತು. ಐದು ಮತ್ತು ಆರೂ ಬೇಡ. ಬಾಪ ಮಾಡುವುದು ಸಾಮಾನಿನವರಿಗೆ ಹಣ ಕಳಿಸುವುದು, ಬ್ಯಾಲೆನ್ಸ್ ನೋಡುವುದು. ಎರಡೂ ಯುಪಿಐನಲ್ಲೇ ಆಗುತ್ತದೆ. ಬ್ಯಾಂಕ್ ಆಪ್ ತಿಂಗಳಿಗೊಮ್ಮೆಯೂ ತೆರೆಯದಿದ್ದರೆ ಅದನ್ನು ತೆಗೆದುಬಿಡಿ. ಫೋನಿನಿಂದ ಅಳಿಸಿದರೆ ಬ್ಯಾಂಕಿನಲ್ಲಿ ನೋಂದಣಿ ರದ್ದಾಗುವುದಿಲ್ಲ. ಶಾಖೆಗೆ ಹೋದಾಗ ಮೊಬೈಲ್ ಬ್ಯಾಂಕಿಂಗ್ ನಿಲ್ಲಿಸಿ ಎಂದು ಬರೆದು ಕೊಡಬೇಕು.

ಹನ್ನೊಂದನೆಯದು ನೆನಪಿಡುವ ಪಾಸ್‌ವರ್ಡೇ ಅಲ್ಲ, ಅದೊಂದು ಸೂತ್ರ. ಆಧಾರ್‌ನಲ್ಲಿರುವ ಇಂಗ್ಲಿಷ್ ಹೆಸರಿನ ಮೊದಲ ನಾಲ್ಕು ದೊಡ್ಡ ಅಕ್ಷರ, ಅದಕ್ಕೆ ಹುಟ್ಟಿದ ವರ್ಷ. ಹೆಸರು MOHAMMED ಎಂದು ಆರಂಭವಾಗಿ ಹುಟ್ಟಿದ್ದು 1953ರಲ್ಲಾದರೆ `MOHA1953`. ಹೆಸರು, ವರ್ಷ ಗೊತ್ತಿದ್ದ ಯಾರಾದರೂ ಅದನ್ನು ತೆರೆಯಬಹುದು ಎಂಬುದನ್ನೂ ಇದರಿಂದ ತಿಳಿಯಬೇಕು. ಆ ಪಿಡಿಎಫ್ ಅನ್ನು ಸಿಕ್ಕ ಗ್ರೂಪಿಗೆಲ್ಲ ಕಳಿಸಬಾರದು.

ಹನ್ನೆರಡನೆಯದೂ ಬೇಡ. ಕರೆಂಟ್ ಬಿಲ್ ಕಟ್ಟಲು ಬಿಲ್ಲಿನ ಮೇಲಿರುವ ಖಾತೆ ಸಂಖ್ಯೆ ಸಾಕು, ಯುಪಿಐನಲ್ಲೇ ಕಟ್ಟಬಹುದು. ಆ ಸಂಖ್ಯೆ ಗುಟ್ಟಲ್ಲ, ಗೋಡೆಯ ಮೇಲೆ ಬರೆದರೂ ಅಪಾಯವಿಲ್ಲ. ಹೊಲ ಇರುವ ಮನೆಗಳಲ್ಲಿ ಬೆಳೆ ವಿಮೆಗೋ ಪರಿಹಾರಕ್ಕೋ ಕೇಳುವ ಫ್ರೂಟ್ಸ್ ಐಡಿಯೂ ಹಾಗೆಯೇ, ಅದು ಗುರುತಿನ ಸಂಖ್ಯೆ, ಬೀಗದ ಕೈ ಅಲ್ಲ. ಹಿರಿಯರು ಇವೆರಡನ್ನೂ ಒಂದೇ ಭಯದಿಂದ ನೋಡುತ್ತಾರೆ. ವ್ಯತ್ಯಾಸ ಹೇಳಿಕೊಟ್ಟರೆ ಅವರ ಅರ್ಧ ಹೊರೆ ಇಳಿಯುತ್ತದೆ.

ಹನ್ನೆರಡರಲ್ಲಿ ಐದು ಹೋಯಿತು. ಉಳಿದದ್ದು ಏಳು. ಅದರಲ್ಲಿ ಮೂರು ತಲೆಯಲ್ಲಿ, ನಾಲ್ಕು ಪುಸ್ತಕದಲ್ಲಿ.

ತಲೆಯಲ್ಲಿರಬೇಕಾದ ಮೂರು

ಫೋನಿನ ಲಾಕ್, ಎಟಿಎಂ ಪಿನ್, ಯುಪಿಐ ಪಿನ್. ಈ ಮೂರನ್ನು ಮಾತ್ರ ಎಲ್ಲೂ ಬರೆಯುವುದಿಲ್ಲ, ಯಾರಿಗೂ ಹೇಳುವುದಿಲ್ಲ. ಮಗನಿಗೂ ಇಲ್ಲ, ಮಗಳಿಗೂ ಇಲ್ಲ, ಅಂಗಡಿಯ ಹುಡುಗನಿಗಂತೂ ಇಲ್ಲವೇ ಇಲ್ಲ. ಇದು ಅಪನಂಬಿಕೆಯ ಮಾತಲ್ಲ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಪ್ರಕಾರ, ಗ್ರಾಹಕನೇ ಪಿನ್ ಹಂಚಿಕೊಂಡಿದ್ದರಿಂದ ಹಣ ಹೋದರೆ, ಬ್ಯಾಂಕಿಗೆ ತಿಳಿಸುವ ತನಕ ಆದ ನಷ್ಟವೆಲ್ಲ ಗ್ರಾಹಕನದು. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. 'ಮಗನಿಗೆ ಹೇಳಿದ್ದೆ ಅಷ್ಟೇ' ಎಂಬ ಮಾತು ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಎಂಥ ಅಂಕಿ ಇಡಬೇಕು? ನಮ್ಮ ಮನೆಗಳಲ್ಲಿ ಮೊದಲು ಬಿಡಬೇಕಾದದ್ದು 786. ಬೈಕಿನ ನಂಬರಿಗೆ, ಫೋನ್ ನಂಬರಿಗೆ ಹುಡುಕಿ ತೆಗೆದುಕೊಳ್ಳುವ ಆ ಅಂಕಿ ಪಿನ್‌ನಲ್ಲೂ ಬಂದುಬಿಡುತ್ತದೆ, 0786 ಅಥವಾ 7860 ಆಗಿ. ಹೆಸರು ನೋಡಿದ ಕೂಡಲೇ ಯಾರಾದರೂ ಮೊದಲು ಒತ್ತಿ ನೋಡುವುದು ಅದನ್ನೇ. ಹುಟ್ಟಿದ ವರ್ಷ, ಮೊಬೈಲಿನ ಕೊನೆಯ ನಾಲ್ಕು ಅಂಕಿ, ಗಾಡಿಯ ನಂಬರ್, ಇವೂ ಬೇಡ.

ಹಿರಿಯರಿಗೆ ಹೊಸ ಅಂಕಿ ನೆನಪಿಡುವುದು ಕಷ್ಟ, ಹಳೆಯದು ಮರೆಯುವುದು ಇನ್ನೂ ಕಷ್ಟ. ಹಾಗಾಗಿ ಹಳೆಯದರಿಂದಲೇ ತೆಗೆಯಿರಿ. ಮೊದಲ ಅಂಗಡಿಗೆ ಕೊಟ್ಟ ತಿಂಗಳ ಬಾಡಿಗೆ 65 ರೂಪಾಯಿ, ಆ ಮನೆಗೆ ಇದ್ದ ಮೆಟ್ಟಿಲು 14 ಎಂದಾದರೆ 6514. ಇಂಥದ್ದು ಯಾವ ಕಾಗದದಲ್ಲೂ ಇರುವುದಿಲ್ಲ, ಬಾಪನ ತಲೆಯಿಂದ ಹೋಗುವುದೂ ಇಲ್ಲ. ಉದಾಹರಣೆಯ ಅಂಕಿಯನ್ನೇ ಇಟ್ಟುಕೊಳ್ಳಬೇಡಿ, ದಾರಿಯನ್ನು ಮಾತ್ರ ತೆಗೆದುಕೊಳ್ಳಿ. ಯಾವ ನೆನಪನ್ನು ಆರಿಸಿದರು ಎಂದು ಮಕ್ಕಳು ಕೇಳುವುದೂ ಬೇಡ. ಮೂರಕ್ಕೂ ಒಂದೇ ಅಂಕಿ ಇಡುವುದೂ ಬೇಡ. ಅಂಗಡಿಯಲ್ಲಿ ನಾಲ್ಕು ಜನರ ಕಣ್ಣೆದುರು ದಿನಕ್ಕೆ ಹತ್ತು ಸಲ ಒತ್ತುವುದು ಫೋನಿನ ಲಾಕ್. ಅದೇ ಅಂಕಿ ಯುಪಿಐಗೂ ಇದ್ದರೆ ನೋಡಿದವನಿಗೆ ಎರಡೂ ಸಿಕ್ಕಂತೆ.

ಇನ್ನು ಫೋನ್ ಕವರಿನೊಳಗಿನ ಕಾರ್ಡಿನ ವಿಷಯ. ಯುಪಿಐ ಪಿನ್ ಮರೆತರೆ ಹೊಸದು ಇಡಲು ಆಪ್ ಕೇಳುವುದು ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ, ಅವಧಿ ಮುಗಿಯುವ ತಿಂಗಳು ಮತ್ತು ವರ್ಷ, ಫೋನಿಗೆ ಬರುವ ಒಟಿಪಿ. ಕೆಲವು ಬ್ಯಾಂಕುಗಳು ಎಟಿಎಂ ಪಿನ್ ಕೂಡ ಕೇಳುತ್ತವೆ. ಫೋನ್, ಕಾರ್ಡ್, ಕಾರ್ಡಿನ ಮೇಲೆ ಬರೆದ ಪಿನ್, ಮೂರೂ ಒಂದೇ ಕವರಿನಲ್ಲಿದ್ದರೆ ಬಸ್ ಸ್ಟ್ಯಾಂಡಿನಲ್ಲಿ ಅದನ್ನು ಎತ್ತಿಕೊಂಡವನಿಗೆ ಬೇಕಾದದ್ದೆಲ್ಲ ಒಟ್ಟಿಗೆ ಸಿಗುತ್ತದೆ. ಕಾರ್ಡ್ ಮನೆಯ ತಿಜೋರಿಯಲ್ಲಿ, ಫೋನ್ ಕಿಸೆಯಲ್ಲಿ. ಎಟಿಎಂಗೆ ಹೋಗುವ ದಿನ ಮಾತ್ರ ಎರಡೂ ಒಟ್ಟಿಗೆ. ಇಡೀ ಕ್ರಮದಲ್ಲಿ ಒಂದೇ ಒಂದನ್ನು ಪಾಲಿಸುವುದಾದರೆ ಇದನ್ನು ಪಾಲಿಸಿ.

ಪುಸ್ತಕದಲ್ಲಿರಬೇಕಾದ ನಾಲ್ಕು

ಜಿಮೇಲ್, ಡಿಜಿಲಾಕರ್, ವಾಟ್ಸ್‌ಆ್ಯಪ್, ಐಆರ್‌ಸಿಟಿಸಿ. ಇವನ್ನು ಬಾಪ ದಿನಾ ಬಳಸುವುದಿಲ್ಲ, ವರ್ಷಕ್ಕೆ ಎರಡು ಸಲ ಬೇಕಾಗುತ್ತವೆ, ಬೇಕಾದಾಗ ನೆನಪಿರುವುದಿಲ್ಲ. ಇವನ್ನು ಬರೆದಿಡುವುದೇ ಸರಿ. ಮನೆಯೊಳಗೆ ಜೋಪಾನವಾಗಿಟ್ಟ ನೋಟ್‌ಬುಕ್‌ನಲ್ಲಿ ಪಾಸ್‌ವರ್ಡ್ ಬರೆಯುವುದು ತಪ್ಪಲ್ಲ ಎಂದು ಬ್ರಿಟನ್ನಿನ ರಾಷ್ಟ್ರೀಯ ಸೈಬರ್ ಭದ್ರತಾ ಕೇಂದ್ರವೂ ಜನರಿಗೆ ಹೇಳುತ್ತದೆ. ಕಾರಣ ಸರಳ. ಆನ್‌ಲೈನ್ ಕಳ್ಳ ದೂರದ ಊರಿನಲ್ಲಿ ಕೂತಿರುತ್ತಾನೆ, ಅಣ್ಣಿಗೇರಿಯ ಮನೆಯ ತಿಜೋರಿಗೆ ಅವನ ಕೈ ಬರುವುದಿಲ್ಲ.

ಪುಸ್ತಕ ಹೇಗಿರಬೇಕು? ಅಂಗಡಿಯ ಹಳೆಯ ಲೆಕ್ಕದ ಪುಸ್ತಕದಂಥದ್ದೇ ಸಾಕು, ಹಾಳೆ ಕಳಚಿ ಬರದಂತೆ ಹೊಲಿದದ್ದು. ಮೇಲೆ 'ಪಾಸ್‌ವರ್ಡ್' ಎಂದು ಬರೆಯಬೇಡಿ. ಒಂದು ವಿಷಯಕ್ಕೆ ಒಂದು ಪುಟ. ಬಾಪನ ಕೈಯಿಂದಲೇ ಬರೆಸಿ, ಏಕೆಂದರೆ ನಾಳೆ ಓದಬೇಕಾದವರು ಅವರು. ವಿವರವೆಲ್ಲ ಕನ್ನಡದಲ್ಲಿ, ಒತ್ತಬೇಕಾದದ್ದು ಮಾತ್ರ ಫೋನಿನಲ್ಲಿ ಕಾಣುವ ಹಾಗೆಯೇ ಇಂಗ್ಲಿಷ್ ಅಕ್ಷರದಲ್ಲಿ. ಒಂದು ಪುಟ ಹೀಗಿರುತ್ತದೆ:

ಏನು: ಜಿಮೇಲ್ (ಫೋನಿನ ಪ್ಲೇ ಸ್ಟೋರಿಗೂ ಇದೇ)
ವಿಳಾಸ: ಪೂರ್ತಿ ಬರೆಯುವುದು
ಪಾಸ್‌ವರ್ಡ್: `Kodapana-jola-______7`
ಯಾವ ಮೊಬೈಲ್ ನಂಬರಿಗೆ ಒಟಿಪಿ ಬರುತ್ತದೆ: ಬಾಪನ ನಂಬರ್
ಕೊನೆಗೆ ಪರೀಕ್ಷಿಸಿದ ದಿನ: ತಾರೀಕು

ಪಾಸ್‌ವರ್ಡ್‌ಗೆ ಒಂದಕ್ಕೊಂದು ಸಂಬಂಧವಿಲ್ಲದ ಮೂರು ಮಾತು ಸಾಕು. ಕೊಡಪಾನ, ಜೋಳ, ಇನ್ನೊಂದು ಮಾತು. `P@$$w0rd` ಎಂಬಂಥ ಚಿಹ್ನೆಗಳ ಗೋಜು ಹಿರಿಯರ ಬೆರಳಿಗೆ ಕಷ್ಟ, ಕಳ್ಳನ ಕಂಪ್ಯೂಟರಿಗೆ ಸುಲಭ. ಉದ್ದವಿದ್ದಷ್ಟೂ ಗಟ್ಟಿ. ದೊಡ್ಡಕ್ಷರ ಯಾವಾಗಲೂ ಮೊದಲಲ್ಲಿ, ಅಂಕಿ ಯಾವಾಗಲೂ ಕೊನೆಯಲ್ಲಿ ಎಂದು ಒಂದೇ ಪದ್ಧತಿ ಇಟ್ಟರೆ ತಪ್ಪು ಕಡಿಮೆ. ಇನ್ನೊಂದು ಸಣ್ಣ ವಿಷಯ: 'ಜೋಳ' ಎಂಬುದನ್ನು ಒಬ್ಬರು `jola` ಎಂದೂ ಇನ್ನೊಬ್ಬರು `jowla` ಎಂದೂ ಒತ್ತುತ್ತಾರೆ. ಬಾಪನಿಗೆ ಯಾವ ಸ್ಪೆಲ್ಲಿಂಗ್ ಸಹಜವೋ ಅದನ್ನೇ ಇಡಿ, ಒಂದೊಂದೇ ಅಕ್ಷರ ಬಿಡಿಸಿ ಬರೆಸಿ.

ಮೇಲಿನ ಪುಟದಲ್ಲಿ ಮಧ್ಯೆ ಖಾಲಿ ಬಿಟ್ಟಿರುವುದು ಬೇಕೆಂದೇ. ಆ ಜಾಗಕ್ಕೆ ಬರುವ ಮಾತು ಬಾಪನಿಗೆ ಮತ್ತು ಮಗಳಿಗೆ ಮಾತ್ರ ಗೊತ್ತು, ಪುಸ್ತಕದಲ್ಲಿಲ್ಲ. ಮಾತಿನ ಪಾಸ್‌ವರ್ಡ್ ಇರುವ ಪುಟಗಳಿಗೆಲ್ಲ ಅದೇ ಒಂದು ಮಾತು. ಪುಸ್ತಕ ಯಾರ ಕೈಗಾದರೂ ಸಿಕ್ಕರೆ ಅವರಿಗೆ ಸಿಗುವುದು ಅರ್ಧ ಮಾತ್ರ. ಆದರೆ ಇದಕ್ಕೊಂದು ಮಿತಿ ಇದೆ. ಬಾಪನಿಗೆ ಆ ಒಂದು ಮಾತೂ ಜಾರುತ್ತಿದೆ ಎನಿಸಿದರೆ ಹಠ ಬೇಡ, ಪೂರ್ತಿ ಬರೆದು ತಿಜೋರಿಗೆ ಬೀಗ ಹಾಕಿ. ಮರೆತುಹೋದ ಪಾಸ್‌ವರ್ಡಿಗಿಂತ ಬೀಗದೊಳಗಿನ ಪಾಸ್‌ವರ್ಡ್ ಲೇಸು. ಡಿಜಿಲಾಕರ್, ವಾಟ್ಸ್‌ಆ್ಯಪ್‌ನ ಆರಂಕಿಗಳಿಗೂ ಖಾಲಿ ಬಿಡುವ ಪದ್ಧತಿ ಬೇಡ, ಪೂರ್ತಿ ಬರೆಯಿರಿ.

ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಬೇಕು ಎಂಬುದು ಹಳೆಯ ಮಾತು. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ, ಸೋರಿಕೆಯಾದ ಗುಮಾನಿ ಇಲ್ಲದಿದ್ದರೆ ಕಾಲಕಾಲಕ್ಕೆ ಬದಲಿಸುವಂತೆ ಜನರನ್ನು ಒತ್ತಾಯಿಸಬೇಡಿ ಎಂದು ಹೇಳಿತು. ಬದಲಿಸಬೇಕಾಗಿ ಬಂದರೆ ಹಳೆಯದಕ್ಕೆ ಒಂದು ಗೆರೆ ಎಳೆದು, ಕೆಳಗೆ ಹೊಸದನ್ನು ತಾರೀಕಿನೊಂದಿಗೆ ಬರೆಯಿರಿ. ಅಳಿಸಿ ಅದರ ಮೇಲೆಯೇ ತಿದ್ದಿದರೆ ಮುಂದೆ ಓದಲಾಗದು.

ಪುಟದ ಫೋಟೊ ತೆಗೆದು ಮಗನಿಗೆ ವಾಟ್ಸ್‌ಆ್ಯಪ್ ಮಾಡುವುದು ಬೇಡ. ಆ ಫೋಟೊ ಎರಡು ಫೋನಿನ ಗ್ಯಾಲರಿಯಲ್ಲಿ, ಬ್ಯಾಕಪ್‌ನಲ್ಲಿ, ಒಮ್ಮೊಮ್ಮೆ ಕೈತಪ್ಪಿ ಕುಟುಂಬದ ಗ್ರೂಪಿನಲ್ಲಿ ಇರುತ್ತದೆ. ಪುಸ್ತಕದ ಉಪಯೋಗವೇ ಹೋಯಿತು.

ಮರೆಯುವ ಎರಡು ಪುಟ: ಜಿಮೇಲ್ ಮತ್ತು ಸಿಮ್

ನಾಲ್ಕರಲ್ಲಿ ಜಿಮೇಲ್ ಪುಟವೇ ಹೆಚ್ಚು ಮನೆಗಳಲ್ಲಿ ಖಾಲಿ. ಹೊಸ ಫೋನ್ ಕೊಂಡ ದಿನ ಮೊಬೈಲ್ ಅಂಗಡಿಯ ಹುಡುಗ ಐದು ನಿಮಿಷದಲ್ಲಿ ಒಂದು ಜಿಮೇಲ್ ಮಾಡಿ ಕೊಟ್ಟಿರುತ್ತಾನೆ. ವಿಳಾಸ ಏನು, ಪಾಸ್‌ವರ್ಡ್ ಏನು ಎಂದು ಬಾಪನಿಗೂ ಗೊತ್ತಿಲ್ಲ, ಎರಡು ತಿಂಗಳಾದ ಮೇಲೆ ಆ ಹುಡುಗನಿಗೂ ಗೊತ್ತಿರುವುದಿಲ್ಲ. ಫೋನ್ ನಡೆಯುತ್ತಿರುವ ತನಕ ಇದು ಗೊತ್ತಾಗುವುದೇ ಇಲ್ಲ. ಒಂದು ದಿನ ಲಾಕ್ ಮರೆತು ಫೋನನ್ನು ರಿಸೆಟ್ ಮಾಡಿದಾಗ, ಅದು ಹಿಂದಿನ ಗೂಗಲ್ ಖಾತೆಯನ್ನೇ ಕೇಳುತ್ತದೆ. ಕದ್ದ ಫೋನ್ ಕಳ್ಳನಿಗೆ ಉಪಯೋಗಕ್ಕೆ ಬಾರದಿರಲಿ ಎಂದು ಇಟ್ಟ ಕಾವಲು ಅದು. ಖಾತೆ ಗೊತ್ತಿಲ್ಲದ ಮಾಲೀಕನನ್ನೂ ಅದು ಹೊರಗೇ ನಿಲ್ಲಿಸುತ್ತದೆ.

ಆದ್ದರಿಂದ ಫೋನ್ ತೆರೆದಿರುವಾಗಲೇ ಸರಿ ಮಾಡಿ. ಪ್ಲೇ ಸ್ಟೋರ್ ತೆರೆದು ಮೇಲಿನ ಮೂಲೆಯ ಗುಂಡು ಚಿತ್ರ ಒತ್ತಿದರೆ ಜಿಮೇಲ್ ವಿಳಾಸ ಕಾಣುತ್ತದೆ, ಅದನ್ನು ಪುಸ್ತಕಕ್ಕೆ ಇಳಿಸಿ. ಆಮೇಲೆ `Settings`, `Google`, `Manage your Google Account`, `Security` ಎಂದು ಒಳಗೆ ಹೋಗಿ. ಅಲ್ಲಿ ಮರಳಿ ಪಡೆಯುವ ಫೋನ್ ನಂಬರ್ ಬಾಪನದೇ ಇದೆಯೇ ನೋಡಿ, ಮರಳಿ ಪಡೆಯುವ ಇಮೇಲ್ ಜಾಗದಲ್ಲಿ ಮಗಳ ವಿಳಾಸ ಹಾಕಿ, ಕೊನೆಗೆ ಹೊಸ ಪಾಸ್‌ವರ್ಡ್ ಇಡಿ. ಅಂಗಡಿಯವನ ನಂಬರೋ ವಿಳಾಸವೋ ಅಲ್ಲಿ ಕೂತಿದ್ದರೆ ತೆಗೆದುಹಾಕಿ.

ಇನ್ನೊಂದು ಪುಟ ಸಿಮ್‌ನದು. ಗಲ್ಫ್ ಮನೆಗಳಲ್ಲಿ ಬಾಪನ ಬ್ಯಾಂಕ್ ಖಾತೆಗೆ, ಆಧಾರಿಗೆ ಮಗನ ಊರಿನ ನಂಬರ್ ಕೊಟ್ಟಿರುವುದು ಮಾಮೂಲು. 'ಅವನಿಗೆ ಬಂದರೆ ಅವನು ಹೇಳುತ್ತಾನೆ' ಎಂಬ ಸಮಾಧಾನ. ಮಗ ಅಲ್ಲಿಗೆ ಹೋದ ಮೇಲೆ ಆ ಸಿಮ್ ರೀಚಾರ್ಜ್ ಇಲ್ಲದೆ ಬಿದ್ದಿರುತ್ತದೆ. ಬಳಕೆಯೂ ಬ್ಯಾಲೆನ್ಸೂ ಇಲ್ಲದೆ 90 ದಿನ ಕಳೆದ ಪ್ರಿಪೇಯ್ಡ್ ನಂಬರನ್ನು ಕಂಪನಿ ನಿಲ್ಲಿಸಬಹುದು. ಆಮೇಲೆ ಅದೇ ನಂಬರ್ ಬೇರೊಬ್ಬರಿಗೆ ಹೋಗುತ್ತದೆ. ಆಗ ಬಾಪನ ಒಟಿಪಿ ಯಾರೋ ಅಪರಿಚಿತರ ಫೋನಿಗೆ ಹೋಗುವ ಸಾಧ್ಯತೆ ಇರುತ್ತದೆ, ಬಾಪನಿಗೆ ಯಾವ ಖಾತೆಯೂ ತೆರೆಯುವುದಿಲ್ಲ. ಪಾಸ್‌ವರ್ಡ್ ಮರೆತರೆ ಮರಳಿ ಕೊಡಿಸುವುದೇ ಒಟಿಪಿ. ಹಾಗಾಗಿ ಬ್ಯಾಂಕ್, ಆಧಾರ್, ಜಿಮೇಲ್ ಮೂರಕ್ಕೂ ಬಾಪನ ಕಿಸೆಯಲ್ಲಿರುವ ನಂಬರೇ ಇರಬೇಕು. ಪುಸ್ತಕದ ಮೊದಲ ಪುಟದಲ್ಲಿ ಆ ನಂಬರ್, ಸಿಮ್ ಯಾರ ಹೆಸರಲ್ಲಿದೆ, ರೀಚಾರ್ಜ್ ಮುಗಿಯುವ ತಾರೀಕು ಬರೆಯಿರಿ.

ತಿಂಗಳಿಗೊಮ್ಮೆ ಇಪ್ಪತ್ತು ನಿಮಿಷ

ತಿಂಗಳ ಮೊದಲ ಶುಕ್ರವಾರ ಮಧ್ಯಾಹ್ನ ಅನುಕೂಲದ ದಿನ. ಸೌದಿಯಲ್ಲಿರುವ ಮಗನಿಗೂ ರಜೆ, ಅವನೂ ಕರೆಯಲ್ಲಿ ಸೇರಬಹುದು. ಒತ್ತುವುದು ಬಾಪನೇ, ಮಕ್ಕಳು ಕೇಳಿಸಿಕೊಂಡು ನೆನಪಿಸುವುದು ಮಾತ್ರ. ಫೋನಿನ ಪರದೆ ಹಂಚಿಕೊಳ್ಳುವುದಾಗಲಿ, ಪುಟವನ್ನು ಕ್ಯಾಮೆರಾಕ್ಕೆ ಹಿಡಿಯುವುದಾಗಲಿ ಬೇಡ. ಮಕ್ಕಳ ಜೊತೆ ಪರದೆ ಹಂಚುವುದು ರೂಢಿಯಾದರೆ ನಾಳೆ 'ಬ್ಯಾಂಕಿನವರು' ಕೇಳಿದಾಗಲೂ ಅದು ಸಹಜ ಅನಿಸುತ್ತದೆ.

ಮೊದಲು ಫೋನನ್ನು ಆಫ್ ಮಾಡಿ ಆನ್ ಮಾಡಿ. ದಿನಾ ಬೆರಳು ಒತ್ತಿ ತೆರೆಯುವವರು ಲಾಕ್ ಪಿನ್ ಮರೆಯುವುದು ಸಹಜ. ಆಫ್ ಆಗಿ ಆನ್ ಆದ ಫೋನ್ ಬೆರಳನ್ನು ಒಪ್ಪುವುದಿಲ್ಲ, ಪಿನ್ನೇ ಕೇಳುತ್ತದೆ. ತಿಂಗಳಿಗೊಮ್ಮೆ ಒತ್ತಿದರೆ ಅದು ತಲೆಯಲ್ಲಿ ಉಳಿಯುತ್ತದೆ. ಆದರೆ ಆಫ್ ಮಾಡುವ ಮೊದಲು, 'ಲಾಕ್ ಪಿನ್ ನೆನಪಿದೆಯಾ' ಎಂದು ಕೇಳಿಕೊಳ್ಳಿ.

ಎರಡನೆಯದು, ಯುಪಿಐ ಆಪ್‌ನಲ್ಲಿ ಬ್ಯಾಲೆನ್ಸ್ ನೋಡುವುದು. ಇದಕ್ಕೆ ಯುಪಿಐ ಪಿನ್ ಬೇಕು, ಒಂದು ರೂಪಾಯಿಯೂ ಹೋಗುವುದಿಲ್ಲ, ಹಾಗಾಗಿ ಪಿನ್ ನೆನಪಿದೆಯೇ ಎಂಬುದಕ್ಕೆ ಇದೇ ಪರೀಕ್ಷೆ. ಎರಡು ಸಲ ತಪ್ಪಾದರೆ ನಿಲ್ಲಿಸಿ. ಮತ್ತೆ ಮತ್ತೆ ತಪ್ಪು ಒತ್ತಿದರೆ ಬ್ಯಾಂಕ್ ಆ ದಿನಕ್ಕೆ ಯುಪಿಐ ತಡೆಯುತ್ತದೆ. ತಿಜೋರಿಯಿಂದ ಕಾರ್ಡ್ ತೆಗೆದು ಹೊಸ ಪಿನ್ ಇಡಿ. ಇಲ್ಲೇ ಒಂದು ಮಾತು ಪ್ರತಿ ತಿಂಗಳೂ ಹೇಳಿ: ಬ್ಯಾಲೆನ್ಸ್ ನೋಡಲು, ಹಣ ಕೊಡಲು ಪಿನ್ ಬೇಕು. ಹಣ ಬರಲು ಪಿನ್ ಬೇಡ. ಹಣ ಹಾಕುತ್ತೇನೆ ಪಿನ್ ಒತ್ತಿ ಎಂದವನು ಮೋಸಗಾರ.

ಮೂರನೆಯದು, ಸಿಮ್ ರೀಚಾರ್ಜ್ ತಾರೀಕು. ನಾಲ್ಕನೆಯದು, ಪುಸ್ತಕದ ಒಂದೇ ಒಂದು ಪುಟ. ಈ ತಿಂಗಳು ಜಿಮೇಲ್, ಮುಂದಿನ ತಿಂಗಳು ಡಿಜಿಲಾಕರ್, ಹೀಗೆ ಸರದಿಯಲ್ಲಿ ಒತ್ತಿ ನೋಡಿ ತಾರೀಕು ಬರೆಯಿರಿ. ಕೊನೆಯದು, ಫೋನಿನಲ್ಲಿ ಬಾಪನಿಗೆ ಗೊತ್ತಿಲ್ಲದ ಹೊಸ ಆಪ್ ಏನಾದರೂ ಬಂದಿದೆಯೇ ಎಂದು ನೋಡುವುದು.

ಪುಸ್ತಕದ ಕೊನೆಯ ಪುಟದಲ್ಲಿ ಫೋನ್ ಕಳೆದರೆ ಏನು ಮಾಡಬೇಕು ಎಂದು ಇರಲಿ, ದೊಡ್ಡ ಅಕ್ಷರದಲ್ಲಿ. ಸಿಮ್ ಕಂಪನಿಗೆ ಹೇಳಿ ಸಿಮ್ ನಿಲ್ಲಿಸುವುದು, ಬ್ಯಾಂಕಿಗೆ ಹೇಳಿ ಯುಪಿಐ ಮತ್ತು ಕಾರ್ಡ್ ನಿಲ್ಲಿಸುವುದು, ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಿ `cybercrime.gov.in`ನಲ್ಲಿ ದೂರು ಕೊಡುವುದು, ಪೊಲೀಸ್ ದೂರಿನ ನಂತರ `sancharsaathi.gov.in`ನಲ್ಲಿ ಫೋನನ್ನೇ ನಿಷ್ಕ್ರಿಯ ಮಾಡಿಸುವುದು. ಇದಕ್ಕೆ ಫೋನಿನ ಐಎಂಇಐ ಸಂಖ್ಯೆ ಬೇಕು. ಈಗಲೇ `*#06#` ಒತ್ತಿ, ಕಾಣುವ ಹದಿನೈದು ಅಂಕಿ ಬರೆದಿಡಿ. ಆ ಹೊತ್ತಿಗೆ ಫೋನ್ ಕೈಯಲ್ಲಿರುವುದಿಲ್ಲ, ಪುಸ್ತಕ ಮಾತ್ರ ಇರುತ್ತದೆ.

ನೆನಪು ಕೈಕೊಡುವಾಗ

ಈ ಕ್ರಮ ಬಾಪ ಸ್ವತಃ ಒತ್ತಬಲ್ಲ ತನಕ ನಡೆಯುತ್ತದೆ. ಎರಡು ತಿಂಗಳು ಸತತವಾಗಿ ಯುಪಿಐ ಪಿನ್ ಮರೆತರೆ, ಒಬ್ಬರಿಗೇ ಎರಡು ಸಲ ಹಣ ಹೋಗಿದ್ದರೆ, ಪುಸ್ತಕ ಎಲ್ಲಿಟ್ಟೆ ಎಂಬುದೇ ಮರೆತರೆ, ಅದು ಪಾಸ್‌ವರ್ಡಿನ ಸಮಸ್ಯೆ ಅಲ್ಲ. ಆಗ ಪಿನ್‌ಗಳನ್ನು ಮಕ್ಕಳು ಕೈಗೆ ತೆಗೆದುಕೊಳ್ಳುವುದು ಸುಲಭದ ದಾರಿಯಾಗಿ ಕಾಣುತ್ತದೆ. ಆದರೆ ಸರಿಯಾದ ದಾರಿಗಳು ಬ್ಯಾಂಕಿನಲ್ಲೇ ಇವೆ.

ಒಂದು, ಹಣವನ್ನು ಎರಡು ಖಾತೆಯಲ್ಲಿ ಇಡುವುದು. ಕಿಸೆಯ ಖಾತೆಯಲ್ಲಿ ತಿಂಗಳ ಖರ್ಚಿನ ಕೆಲವು ಸಾವಿರ, ಯುಪಿಐ ಅದಕ್ಕೆ ಮಾತ್ರ. ಉಳಿತಾಯವೆಲ್ಲ ಯುಪಿಐ ಜೋಡಿಸದ, ಎಟಿಎಂ ಕಾರ್ಡೂ ತೆಗೆದುಕೊಳ್ಳದ ಇನ್ನೊಂದು ಖಾತೆಯಲ್ಲಿ. ಏನೇ ತಪ್ಪಾದರೂ ಹೋಗುವುದು ಕಿಸೆಯಲ್ಲಿದ್ದಷ್ಟೇ. ಇದನ್ನು ನೆನಪು ಚೆನ್ನಾಗಿರುವಾಗಲೇ ಮಾಡಿಟ್ಟರೆ ಇನ್ನೂ ಒಳ್ಳೆಯದು.

ಎರಡು, ಯುಪಿಐ ಸರ್ಕಲ್ ಎಂಬ ವ್ಯವಸ್ಥೆ. 2024ರಲ್ಲಿ ಬಂದದ್ದು. ಮಗಳ ಖಾತೆಯಿಂದ ಹಣ ಹೋಗುವಂತೆ ಬಾಪನ ಫೋನಿಗೆ ಅನುಮತಿ ಕೊಡಬಹುದು. ಪ್ರತಿ ಸಲ ಮಗಳು ಒಪ್ಪಿದರೆ ಮಾತ್ರ ಹೋಗುವಂತೆ ಇಡಬಹುದು, ಅಥವಾ ತಿಂಗಳಿಗೆ ಗರಿಷ್ಠ ₹15,000ದ ಮಿತಿಯೊಳಗೆ ಪೂರ್ಣ ಅನುಮತಿ ಕೊಡಬಹುದು. ಬಾಪನಿಗೆ ಯುಪಿಐ ಪಿನ್ ನೆನಪಿಡುವ ಕೆಲಸವೇ ಇಲ್ಲ.

ಮೂರು, ಉಳಿತಾಯದ ಖಾತೆಯನ್ನು ಬಾಪ ಮತ್ತು ಉಮ್ಮನ ಜಂಟಿ ಹೆಸರಿಗೆ ಮಾಡಿಸಿ, ಇಬ್ಬರಲ್ಲಿ ಯಾರಾದರೂ ನಡೆಸಬಹುದು ಎಂದು ಬರೆಸುವುದು. ಆಸ್ಪತ್ರೆಗೆ ಸೇರಿದ ದಿನ ಉಮ್ಮ ತನ್ನ ಸಹಿಯಲ್ಲೇ ಹಣ ತೆಗೆಯಬಹುದು. ನಾಮಿನಿಯನ್ನೂ ನೋಡಿ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರ ತನಕ ನಾಮಿನಿ ಇಡಲು ಅವಕಾಶವಿದೆ. ಬಾಪ ತೀರಿಕೊಂಡ ಮೇಲೆ ಅವರ ಪಿನ್ ಗೊತ್ತಿದ್ದ ಮಗ ಎಟಿಎಂನಿಂದ ಹಣ ತೆಗೆದರೆ ಉಳಿದ ವಾರಸುದಾರರ ಎದುರು ಅವನೇ ಉತ್ತರ ಕೊಡಬೇಕಾಗುತ್ತದೆ. ನಾಮಿನಿ ಕಾಗದ ಸರಿಯಿದ್ದರೆ ಯಾರಿಗೂ ಆ ಪಿನ್ ಗೊತ್ತಿರಬೇಕಾಗಿಲ್ಲ.

ಮುಂದಿನ ಸಲ ಘಟ್ಟ ಹತ್ತಿ ಬಾಪನ ಮನೆಗೆ ಹೋದಾಗ ಒಂದು ಹೊಲಿದ ನೋಟ್‌ಬುಕ್ ಜೊತೆಗಿರಲಿ. ಮೊದಲ ದಿನ ಪಟ್ಟಿ ಮಾಡಿ ಕಳೆಯುವುದು, ಎರಡನೆಯ ದಿನ ಜಿಮೇಲ್ ಮತ್ತು ಸಿಮ್ ಸರಿಪಡಿಸುವುದು, ಮೂರನೆಯ ದಿನ ಶಾಖೆಗೆ ಹೋಗಿ ಖಾತೆಗೆ ಯಾವ ನಂಬರ್ ಜೋಡಣೆಯಾಗಿದೆ, ನಾಮಿನಿ ಯಾರು ಎಂದು ಕೇಳಿ ಬರುವುದು. ಹೊರಡುವ ಮೊದಲು ಫೋನ್ ಕವರಿನಿಂದ ಎಟಿಎಂ ಕಾರ್ಡ್ ತೆಗೆಸಿ. ಅದರ ಮೇಲೆ ಬರೆದಿದ್ದ ಅಂಕಿ ಎಷ್ಟೋ ಕಣ್ಣಿಗೆ ಬಿದ್ದಿರಬಹುದು, ಬರಿದೇ ಅಳಿಸಿದರೆ ಸಾಲದು, ಎಟಿಎಂಗೆ ಹೋಗಿ ಬಾಪನ ಕೈಯಿಂದಲೇ ಹೊಸ ಪಿನ್ ಹಾಕಿಸಿ.